ಇನ್ಫೊಸಿಸ್‌ನ 18,000 ಕೋಟಿ ರೂಪಾಯಿ ಯಾರ ಕೈ ಸೇರಿತು?

2025ರ ಸೆಪ್ಟೆಂಬರ್ 11ರಂದು ಬೆಂಗಳೂರಿನ ಇನ್ಫೊಸಿಸ್ ಕಂಪನಿಯ ನಿರ್ದೇಶಕ ಮಂಡಳಿ ಒಂದು ತೀರ್ಮಾನ ಪ್ರಕಟಿಸಿತು. ಕಂಪನಿ ತನ್ನದೇ 10 ಕೋಟಿ ಷೇರುಗಳನ್ನು ತಲಾ 1,800 ರೂಪಾಯಿಗೆ ಷೇರುದಾರರಿಂದ ಮರಳಿ ಕೊಳ್ಳಲಿದೆ, ಅದಕ್ಕೆ 18,000 ಕೋಟಿ ರೂಪಾಯಿ ಖರ್ಚು ಮಾಡಲಿದೆ ಎಂಬುದು ಅದರ ಸಾರ. ಅಂದು ಮಾರುಕಟ್ಟೆಯಲ್ಲಿ ಇನ್ಫೊಸಿಸ್ ಷೇರಿಗೆ ಇದ್ದ ಬೆಲೆ ಸುಮಾರು 1,510 ರೂಪಾಯಿ. ಅಂಗಡಿಯಲ್ಲಿ 1,510ಕ್ಕೆ ಸಿಗುವ ಸರಕಿಗೆ ಕಂಪನಿಯೇಕೆ 1,800 ಕೊಡುತ್ತದೆ? ಅಷ್ಟೇ ಹಣವನ್ನು ಎಲ್ಲರಿಗೂ ಡಿವಿಡೆಂಡ್ ಆಗಿ ಹಂಚಿದ್ದರೆ ಏನಾಗುತ್ತಿತ್ತು? ಕೂಡಿಸಿ ಕಳೆದು ನೋಡಿದರೆ ಉತ್ತರ ಸಿಗುತ್ತದೆ. ಆ ಉತ್ತರ ಜಾಹೀರಾತಿನ ಹಾಗೆ ಇರುವುದಿಲ್ಲ.

ಇನ್ಫೊಸಿಸ್‌ನ ಒಟ್ಟು ಷೇರುಗಳು ಆಗ ಸುಮಾರು 415 ಕೋಟಿ. 2024-25ರಲ್ಲಿ ಅದು ಗಳಿಸಿದ ನಿವ್ವಳ ಲಾಭ 26,713 ಕೋಟಿ ರೂಪಾಯಿ. ಲಾಭವನ್ನು ಷೇರುಗಳ ಸಂಖ್ಯೆಯಿಂದ ಭಾಗಿಸಿದರೆ ಪ್ರತಿ ಷೇರಿನ ಗಳಿಕೆ, ಅಂದರೆ ಮಾರುಕಟ್ಟೆಯವರು ಇಪಿಎಸ್ ಎನ್ನುವುದು, ಸುಮಾರು 64.37 ರೂಪಾಯಿ ಆಗುತ್ತದೆ. ಬೈಬ್ಯಾಕ್‌ನಲ್ಲಿ ಕೊಂಡ ಷೇರುಗಳನ್ನು ಕಂಪನಿ ಇಟ್ಟುಕೊಳ್ಳುವಂತಿಲ್ಲ, ರದ್ದು ಮಾಡಬೇಕು. ಹಾಗಾಗಿ 415 ಕೋಟಿ ಇದ್ದದ್ದು 405 ಕೋಟಿಗೆ ಇಳಿಯುತ್ತದೆ. ಅದೇ ಲಾಭವನ್ನು 405ರಿಂದ ಭಾಗಿಸಿದರೆ 65.96. ಶೇ 2.5ರಷ್ಟು ಏರಿಕೆ! ಬೈಬ್ಯಾಕ್ ಘೋಷಣೆಯಾದಾಗಲೆಲ್ಲ ಟಿ.ವಿ. ಚರ್ಚೆಗಳಲ್ಲಿ ಕೇಳಿಬರುವ ಲೆಕ್ಕ ಇದೇ.

ಈ ಲೆಕ್ಕದಲ್ಲಿ ಒಂದು ಅಂಶ ಬಿಟ್ಟುಹೋಗಿದೆ. 18,000 ಕೋಟಿ ರೂಪಾಯಿ ತಿಜೋರಿಯಲ್ಲಿ ಸುಮ್ಮನೆ ಕೂತಿರಲಿಲ್ಲ. ಕಂಪನಿಗಳು ಇಂಥ ಹಣವನ್ನು ಠೇವಣಿ, ಬಾಂಡ್, ಮ್ಯೂಚುವಲ್ ಫಂಡ್‌ಗಳಲ್ಲಿ ಇಡುತ್ತವೆ. ಅದರ ಬಡ್ಡಿ 'ಇತರೆ ಆದಾಯ'ವಾಗಿ ಲಾಭದಲ್ಲಿ ಸೇರಿರುತ್ತದೆ. ವರ್ಷಕ್ಕೆ ಶೇ 7 ಎಂದು ಹಿಡಿದರೆ 1,260 ಕೋಟಿ. ಅದರಲ್ಲಿ ಕಾಲು ಭಾಗ ತೆರಿಗೆಗೆ ಹೋದರೂ 945 ಕೋಟಿ ಉಳಿಯುತ್ತದೆ. ಹಣ ಹೊರಗೆ ಹೋದ ಮೇಲೆ ಈ 945 ಕೋಟಿಯೂ ಇರುವುದಿಲ್ಲ. ಲಾಭ 25,768 ಕೋಟಿಗೆ ಇಳಿಯುತ್ತದೆ, ಅದನ್ನು 405ರಿಂದ ಭಾಗಿಸಿದರೆ ಇಪಿಎಸ್ 63.62. ಏರುವುದಿರಲಿ, ಮೊದಲಿದ್ದ 64.37ಕ್ಕಿಂತ ಶೇ 1.2ರಷ್ಟು ಕೆಳಗೆ ಬರುತ್ತದೆ.

ಇಳಿಯಲು ಕಾರಣ ಕಂಪನಿ ಕೊಟ್ಟ ಬೆಲೆ. 1,800 ರೂಪಾಯಿ ಕೊಟ್ಟು ರದ್ದು ಮಾಡುವ ಒಂದು ಷೇರಿನ ಹಿಂದೆ ಇರುವ ವಾರ್ಷಿಕ ಗಳಿಕೆ 64.37 ರೂಪಾಯಿ, ಅಂದರೆ ಶೇ 3.58. ಅದೇ 1,800 ರೂಪಾಯಿ ಠೇವಣಿಯಲ್ಲಿದ್ದರೆ ತೆರಿಗೆ ಕಳೆದು ಶೇ 5.25 ತರುತ್ತಿತ್ತು. ಶೇ 5.25 ಕೊಡುವುದನ್ನು ಬಿಟ್ಟು ಶೇ 3.58 ಕೊಡುವುದನ್ನು ಕೊಂಡರೆ ಸರಾಸರಿ ಇಳಿಯಲೇಬೇಕು. ಯಾವುದೇ ಕಂಪನಿಯ ಬೈಬ್ಯಾಕ್ ಇಪಿಎಸ್ ಏರಿಸುತ್ತದೋ ಇಲ್ಲವೋ ಎಂದು ತಿಳಿಯಲು ಈ ಎರಡು ಶೇಕಡಾವಾರುಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಸಾಕು. ಸಾಲ ಮಾಡಿ ಬೈಬ್ಯಾಕ್ ಮಾಡುವ ಕಂಪನಿಯಾದರೆ ಠೇವಣಿಯ ಬಡ್ಡಿಯ ಜಾಗದಲ್ಲಿ ಸಾಲದ ಬಡ್ಡಿಯನ್ನು ಇಟ್ಟುಕೊಳ್ಳಬೇಕು.

ಇನ್ಫೊಸಿಸ್‌ನ ಮೊದಲ ಬೈಬ್ಯಾಕ್‌ಗೂ ಇದೇ ಅಳತೆ ಹಿಡಿಯಬಹುದು. ಅದು ನಡೆದದ್ದು 2017ರಲ್ಲಿ. ಸಿಇಒ ವಿಶಾಲ್ ಸಿಕ್ಕಾ ರಾಜೀನಾಮೆ ಕೊಟ್ಟು ಷೇರು ಬೆಲೆ 923 ರೂಪಾಯಿಯ ಆಸುಪಾಸಿಗೆ ಕುಸಿದ ಮರುದಿನವೇ 13,000 ಕೋಟಿ ರೂಪಾಯಿಯ ಬೈಬ್ಯಾಕ್ ಘೋಷಣೆಯಾಯಿತು. ಬೆಲೆ 1,150 ರೂಪಾಯಿ. ಅದರ ಹಿಂದಿನ ವರ್ಷದ ಇಪಿಎಸ್ ಸುಮಾರು 62.80. ಅಂದರೆ ಕೊಟ್ಟ ಬೆಲೆಗೆ ಶೇ 5.46ರ ಗಳಿಕೆ. 2025ಕ್ಕೆ ಹೋಲಿಸಿದರೆ ಆಗ ಕಂಪನಿ ತನ್ನ ಷೇರನ್ನು ಬಹಳ ಅಗ್ಗಕ್ಕೆ ಕೊಂಡಿತ್ತು. 2018ರಲ್ಲಿ ಒಂದಕ್ಕೊಂದು ಬೋನಸ್ ಷೇರು ಬಂದದ್ದರಿಂದ ಆ 1,150 ಇಂದಿನ ಲೆಕ್ಕದಲ್ಲಿ 575 ರೂಪಾಯಿ ಮಾತ್ರ. ಅಂದು ಷೇರು ಒಪ್ಪಿಸದೆ ಉಳಿದವರ ಪಾಲಿಗೆ ಅದು ನಿಜಕ್ಕೂ ಒಳ್ಳೆಯ ವ್ಯವಹಾರವಾಯಿತು.

ಈಗ ಡಿವಿಡೆಂಡ್ ಕಡೆ ಬರೋಣ. ಅದೇ 18,000 ಕೋಟಿಯನ್ನು 415 ಕೋಟಿ ಷೇರುಗಳಿಗೆ ಹಂಚಿದರೆ ತಲಾ 43.37 ರೂಪಾಯಿ. ಷೇರುಗಳ ಸಂಖ್ಯೆ ಬದಲಾಗುವುದಿಲ್ಲ, ಬಡ್ಡಿ ಆದಾಯ ಮಾತ್ರ ಹೋಗುತ್ತದೆ, ಇಪಿಎಸ್ 62.09ಕ್ಕೆ ಇಳಿಯುತ್ತದೆ. ಬೈಬ್ಯಾಕ್ ಮಾಡಿದಾಗ ಬಂದದ್ದು 63.62. ನ್ಯಾಯವಾದ ಹೋಲಿಕೆ ಇದು, ಏಕೆಂದರೆ ಎರಡರಲ್ಲೂ ಹಣ ಹೊರಗೆ ಹೋಗಿದೆ. ಇಪಿಎಸ್ ಪಂದ್ಯದಲ್ಲಿ ಡಿವಿಡೆಂಡ್‌ಗಿಂತ ಬೈಬ್ಯಾಕ್ ಯಾವಾಗಲೂ ಮುಂದೆಯೇ. ಮೇಲಧಿಕಾರಿಗಳ ಬೋನಸ್ ಇಪಿಎಸ್‌ಗೆ ತಳುಕು ಹಾಕಿಕೊಂಡಿರುವ ಕಂಪನಿಗಳಲ್ಲಿ ಬೈಬ್ಯಾಕ್ ಮೇಲೆ ಹೆಚ್ಚು ಒಲವು ಕಂಡರೆ ಅನುಮಾನದಿಂದ ನೋಡಬೇಕಾದದ್ದು ಇದೇ ಕಾರಣಕ್ಕೆ. ಅಂಥ ಕಡೆ ಇಪಿಎಸ್ ಒಂದನ್ನೇ ನೋಡದೆ, ನಾಲ್ಕೈದು ವರ್ಷಗಳ ಒಟ್ಟು ಲಾಭ ಮತ್ತು ಷೇರುಗಳ ಸಂಖ್ಯೆ ಎರಡನ್ನೂ ವಾರ್ಷಿಕ ವರದಿಯಿಂದ ತೆಗೆದು ನೋಡಬೇಕು. ಒಟ್ಟು ಲಾಭ ನಿಂತಲ್ಲೇ ನಿಂತಿದ್ದು ಇಪಿಎಸ್ ಮಾತ್ರ ಏರುತ್ತಿದ್ದರೆ ವ್ಯಾಪಾರ ಬೆಳೆದಿಲ್ಲ, ಛೇದ ಚಿಕ್ಕದಾಗಿದೆ ಅಷ್ಟೆ.

ಆದರೆ ಇಪಿಎಸ್ ಏರಿದರೆ ಷೇರುದಾರ ಶ್ರೀಮಂತನಾದ ಎನ್ನಲು ಬರುವುದಿಲ್ಲ. 1,510ರ ಬೆಲೆಯಲ್ಲಿ ಇಡೀ ಇನ್ಫೊಸಿಸ್‌ನ ಮೌಲ್ಯ 6,26,650 ಕೋಟಿ. 18,000 ಕೋಟಿ ಹೊರಗೆ ಹೋದ ಮೇಲೆ ಉಳಿಯುವುದು 6,08,650 ಕೋಟಿ. ಡಿವಿಡೆಂಡ್ ಕೊಟ್ಟರೆ ಪ್ರತಿ ಷೇರು 43.37ರಷ್ಟು ಇಳಿಯುತ್ತದೆ, ಅಷ್ಟೇ ಹಣ ಷೇರುದಾರನ ಖಾತೆಗೆ ಬರುತ್ತದೆ. ತೆರಿಗೆಯನ್ನು ಪಕ್ಕಕ್ಕಿಟ್ಟರೆ ಅವನ ಸಂಪತ್ತು ಇದ್ದಲ್ಲೇ ಇದೆ. ಮಾರುಕಟ್ಟೆ ಬೆಲೆಗೇ ಬೈಬ್ಯಾಕ್ ಮಾಡಿದ್ದರೂ ಹೀಗೆಯೇ. ಸುಮಾರು 11.92 ಕೋಟಿ ಷೇರು ರದ್ದಾಗಿ, ಉಳಿದವುಗಳ ಬೆಲೆ ಅದೇ 1,510ರಲ್ಲಿ ನಿಲ್ಲುತ್ತಿತ್ತು. ಒಬ್ಬರ ಕೈಯಲ್ಲಿ ಷೇರು, ಇನ್ನೊಬ್ಬರ ಕೈಯಲ್ಲಿ ಹಣ, ಯಾರಿಗೂ ಲಾಭವಿಲ್ಲ, ನಷ್ಟವೂ ಇಲ್ಲ.

ಕಂಪನಿ ಕೊಟ್ಟದ್ದು 1,800. ಅದರಿಂದ ಚಿತ್ರ ಬದಲಾಗುತ್ತದೆ. 6,08,650 ಕೋಟಿಯನ್ನು 405 ಕೋಟಿ ಷೇರುಗಳಿಗೆ ಹಂಚಿದರೆ ತಲಾ 1,502.84 ರೂಪಾಯಿ. ಷೇರು ಒಪ್ಪಿಸದವರು ಪ್ರತಿ ಷೇರಿಗೆ ಏಳು ರೂಪಾಯಿಯಷ್ಟು ಕಳೆದುಕೊಂಡರು, ಒಪ್ಪಿಸಿದವರು 290 ರೂಪಾಯಿ ಹೆಚ್ಚು ಪಡೆದರು. ಹೊಸ ಸಂಪತ್ತು ಹುಟ್ಟಿಲ್ಲ, ಒಬ್ಬ ಷೇರುದಾರನಿಂದ ಇನ್ನೊಬ್ಬನಿಗೆ ಹೋಗಿದೆ.

ಯಾರಿಂದ ಯಾರಿಗೆ ಎಂಬುದಕ್ಕೆ ಉತ್ತರ ಸೆಬಿಯ ನಿಯಮದಲ್ಲಿದೆ. ಟೆಂಡರ್ ವಿಧಾನದ ಬೈಬ್ಯಾಕ್‌ನಲ್ಲಿ ಶೇ 15ರಷ್ಟು ಸಣ್ಣ ಷೇರುದಾರರಿಗೆ ಮೀಸಲು. ನಿಗದಿತ ದಿನದಂದು ಯಾರ ಷೇರುಗಳ ಮೌಲ್ಯ ಎರಡು ಲಕ್ಷ ರೂಪಾಯಿ ಮೀರಿರುವುದಿಲ್ಲವೋ ಅವರು ಸಣ್ಣ ಷೇರುದಾರರು. ಇನ್ಫೊಸಿಸ್‌ನಲ್ಲಿ ಅವರಿಗೆ ಸಿಕ್ಕ ಹಕ್ಕು ಪ್ರತಿ 11 ಷೇರಿಗೆ 2. ಉಳಿದವರಿಗೆ ಪ್ರತಿ 706 ಷೇರಿಗೆ 17 ಮಾತ್ರ. ಶೇ 13ರಷ್ಟು ಪಾಲು ಹೊಂದಿದ್ದ ನಾರಾಯಣ ಮೂರ್ತಿ, ನಂದನ್ ನಿಲೇಕಣಿ ಮತ್ತಿತರ ಪ್ರವರ್ತಕರು ಹಾಗೂ ಅವರ ಕುಟುಂಬದವರು ಭಾಗವಹಿಸುವುದಿಲ್ಲ ಎಂದು ಮೊದಲೇ ತಿಳಿಸಿದ್ದರು.

110 ಷೇರು ಇಟ್ಟುಕೊಂಡಿದ್ದ ಒಬ್ಬ ಸಣ್ಣ ಹೂಡಿಕೆದಾರರನ್ನು ಊಹಿಸಿಕೊಳ್ಳಿ. ಹಕ್ಕಿನಂತೆ 20 ಷೇರು ಒಪ್ಪಿಸಿ 36,000 ರೂಪಾಯಿ ಪಡೆದರೆ ಉಳಿದ 90 ಷೇರುಗಳ ಮೌಲ್ಯ 1,35,256. ಒಟ್ಟು 1,71,256. ಮೊದಲಿದ್ದದ್ದು 1,66,100. ಐದು ಸಾವಿರಕ್ಕೂ ಹೆಚ್ಚು ಲಾಭ. 706 ಷೇರಿನವರು 17 ಒಪ್ಪಿಸಿದರೆ ಅವರ ಲೆಕ್ಕ ಸರಿಸುಮಾರು ಸಮಸಮ, ಏಕೆಂದರೆ 706ಕ್ಕೆ 17 ಎಂದರೆ ಶೇ 2.41, ಅದು ಒಟ್ಟು ಷೇರುಗಳಲ್ಲಿ ರದ್ದಾದ ಪ್ರಮಾಣವೇ. ಎಲ್ಲರೂ ತಮ್ಮ ಹಕ್ಕಿನಷ್ಟನ್ನೇ ಒಪ್ಪಿಸಿದರೆ ಸಣ್ಣವರಿಗೆ ಬಂದ ಹೆಚ್ಚಿನ ಹಣ ಬಹುಪಾಲು ಹೊರಗುಳಿದ ಪ್ರವರ್ತಕರ ಪಾಲಿನಿಂದ ಬಂದಂತೆ. ಡಿವಿಡೆಂಡ್‌ನಲ್ಲಿ ಇಂಥ ಮರುಹಂಚಿಕೆ ಸಾಧ್ಯವೇ ಇಲ್ಲ.

ಇಷ್ಟು ಹೊತ್ತು ಪಕ್ಕಕ್ಕಿಟ್ಟಿದ್ದ ತೆರಿಗೆ ಈ ಲೆಕ್ಕವನ್ನೆಲ್ಲ ಮಗುಚಿ ಹಾಕುತ್ತದೆ. 2024ರ ಸೆಪ್ಟೆಂಬರ್ ಕೊನೆಯವರೆಗೆ ಬೈಬ್ಯಾಕ್ ತೆರಿಗೆಯನ್ನು ಕಂಪನಿಯೇ ಕಟ್ಟುತ್ತಿತ್ತು, ಷೇರುದಾರನಿಗೆ ಬಂದ ಹಣಕ್ಕೆ ತೆರಿಗೆ ಇರಲಿಲ್ಲ. 2024ರ ಅಕ್ಟೋಬರ್ 1ರಿಂದ ಬೈಬ್ಯಾಕ್‌ನಲ್ಲಿ ಬಂದ ಪೂರ್ತಿ ಹಣವನ್ನು ಡಿವಿಡೆಂಡ್ ಎಂದೇ ಪರಿಗಣಿಸುವ ನಿಯಮ ಬಂತು. ಲಾಭಕ್ಕಲ್ಲ, ಪೂರ್ತಿ ಹಣಕ್ಕೆ. ಷೇರು ಕೊಂಡಾಗ ಕೊಟ್ಟ ಬೆಲೆ ಬಂಡವಾಳ ನಷ್ಟವಾಗಿ ಉಳಿಯುತ್ತಿತ್ತು, ಮುಂದಿನ ಎಂಟು ವರ್ಷಗಳಲ್ಲಿ ಬೇರೆ ಷೇರಿನ ಲಾಭ ಬಂದರೆ ಅದರಲ್ಲಿ ವಜಾ ಮಾಡಿಕೊಳ್ಳಬಹುದಿತ್ತು.

110 ಷೇರಿನ ಅದೇ ಹೂಡಿಕೆದಾರರು ಶೇ 30ರ ತೆರಿಗೆ ಹಂತದಲ್ಲಿದ್ದರೆ 36,000 ರೂಪಾಯಿಗೆ ಸೆಸ್ ಸೇರಿ 11,232 ರೂಪಾಯಿ ತೆರಿಗೆ. ಕೈಯಲ್ಲಿ ಉಳಿಯುವುದು 24,768. ಆ 20 ಷೇರುಗಳನ್ನು ಮಾರುಕಟ್ಟೆಯಲ್ಲೇ ಮಾರಿದ್ದರೆ 30,200 ಬರುತ್ತಿತ್ತು! ಅವರು ಷೇರಿಗೆ 1,400 ಕೊಟ್ಟು ಕೊಂಡಿದ್ದರು ಎನ್ನೋಣ. 28,000 ರೂಪಾಯಿಯ ಬಂಡವಾಳ ನಷ್ಟವನ್ನು ಶೇ 12.5 ತೆರಿಗೆಯ ದೀರ್ಘಾವಧಿ ಲಾಭಕ್ಕೆ ವಜಾ ಮಾಡಿಕೊಂಡರೂ ಉಳಿತಾಯ 3,640 ರೂಪಾಯಿ ಮಾತ್ರ. 1,800ರ ಆಕರ್ಷಣೆ ಅವರ ಪಾಲಿಗೆ ನಷ್ಟದ ಬಾಬತ್ತು. ಒಟ್ಟು ಆದಾಯ 12 ಲಕ್ಷ ರೂಪಾಯಿ ಮೀರದೆ ಹೊಸ ತೆರಿಗೆ ಪದ್ಧತಿಯಲ್ಲಿರುವವರಿಗೆ ರಿಯಾಯಿತಿಯಿಂದಾಗಿ ತೆರಿಗೆ ಸೊನ್ನೆ. ಅವರಿಗೆ 36,000ವೂ ಪೂರ್ತಿ ಸಿಗುತ್ತಿತ್ತು, ಬಂಡವಾಳ ನಷ್ಟದ ಸೌಲಭ್ಯವೂ ಸಿಗುತ್ತಿತ್ತು. ನವೆಂಬರ್ 20ರಿಂದ 26ರವರೆಗೆ ತೆರೆದಿದ್ದ ಆ ಬೈಬ್ಯಾಕ್‌ನಲ್ಲಿ ಒಂದೇ ಕಂಪನಿಯ, ಒಂದೇ ಬೆಲೆಯ ಕೊಡುಗೆ ನಿವೃತ್ತ ಶಿಕ್ಷಕರೊಬ್ಬರಿಗೆ ಲಾಭವೂ ದೊಡ್ಡ ಸಂಬಳದ ಎಂಜಿನಿಯರ್‌ಗೆ ನಷ್ಟವೂ ಆಗಬಹುದಿತ್ತು.

2026ರ ಫೆಬ್ರವರಿಯ ಕೇಂದ್ರ ಬಜೆಟ್ ಈ ನಿಯಮವನ್ನು ಮತ್ತೆ ತಿರುಗಿಸುವ ಪ್ರಸ್ತಾಪ ಮಾಡಿತು. ಬೈಬ್ಯಾಕ್ ಹಣವನ್ನು ಡಿವಿಡೆಂಡ್ ಎನ್ನದೆ ಬಂಡವಾಳ ಲಾಭವೆಂದು ನೋಡಬೇಕು, ಪ್ರವರ್ತಕರು ಮಾತ್ರ ಹೆಚ್ಚುವರಿ ತೆರಿಗೆ ಸೇರಿ ಒಟ್ಟು ಶೇ 30, ಪ್ರವರ್ತಕ ಕಂಪನಿಯಾದರೆ ಶೇ 22 ಕಟ್ಟಬೇಕು ಎಂಬುದು ಆ ಪ್ರಸ್ತಾಪ. ಅದರಂತೆ 110 ಷೇರಿನವರ ಲೆಕ್ಕ ಹಾಕಿದರೆ, 1,400ಕ್ಕೆ ಕೊಂಡ 20 ಷೇರಿನ ಮೇಲೆ ಅವರ ಲಾಭ 8,000 ರೂಪಾಯಿ. ವರ್ಷ ಮೀರಿ ಇಟ್ಟುಕೊಂಡಿದ್ದು, ಬೇರೆ ಷೇರುಗಳ ಲಾಭವೂ ಸೇರಿ 1.25 ಲಕ್ಷ ರೂಪಾಯಿ ದಾಟದಿದ್ದರೆ ಅದಕ್ಕೆ ತೆರಿಗೆಯಿಲ್ಲ, ಅವರು ಯಾವ ತೆರಿಗೆ ಹಂತದಲ್ಲಿದ್ದರೂ ಸರಿ. ಅದೇ 18,000 ಕೋಟಿ ಡಿವಿಡೆಂಡ್ ಆಗಿ ಬಂದರೆ ಅವರ 110 ಷೇರಿಗೆ 4,771 ರೂಪಾಯಿ ಸಿಗುತ್ತದೆ, ಶೇ 30ರ ಹಂತದವರು ಅದರಲ್ಲಿ ಸುಮಾರು 1,490 ರೂಪಾಯಿಯನ್ನು ತೆರಿಗೆಯಾಗಿ ಕಟ್ಟಬೇಕಾಗುತ್ತದೆ.