ಹಸಿರು ಗುಂಡಿ, ಕೆಂಪು ಗುಂಡಿ

ಥಿಯೊಡೋರ್ ಅಡೋರ್ನೊ 1938ರಲ್ಲಿ ಅಮೆರಿಕಕ್ಕೆ ಬಂದಾಗ ಅವರಿಗೆ ಸಿಕ್ಕಿದ್ದು ರೇಡಿಯೋ ಕೇಳುಗರ ಬಗ್ಗೆ ಸಂಶೋಧನೆ ಮಾಡುವ ಕೆಲಸ. ನಾಜಿಗಳ ಜರ್ಮನಿಯಲ್ಲಿ ಪಾಠ ಹೇಳುವ ಹಕ್ಕನ್ನೇ ಕಳೆದುಕೊಂಡಿದ್ದ ಈ ತತ್ವಶಾಸ್ತ್ರಜ್ಞ ಸಂಗೀತವನ್ನೂ ಆಳವಾಗಿ ಬಲ್ಲವರು. ಸಂಶೋಧನೆಯ ಮುಖ್ಯಸ್ಥ ಪಾಲ್ ಲಾಜರ್ಸ್‌ಫೆಲ್ಡ್ ಮತ್ತು ಸಿಬಿಎಸ್ ರೇಡಿಯೋದ ಫ್ರಾಂಕ್ ಸ್ಟಾಂಟನ್ ಸೇರಿ ಒಂದು ಯಂತ್ರ ರೂಪಿಸಿದ್ದರು. ಕೇಳುಗರು ಎರಡು ಕೈಯಲ್ಲಿ ಎರಡು ಗುಂಡಿ ಹಿಡಿದು ಕೂರಬೇಕು. ಹಿಡಿಸಿದಾಗ ಹಸಿರು ಗುಂಡಿ, ಹಿಡಿಸದಿದ್ದಾಗ ಕೆಂಪು. ಒತ್ತಿದ್ದೆಲ್ಲ ಉರುಳುವ ಕಾಗದದ ಮೇಲೆ ಗೆರೆಯಾಗಿ ಬೀಳುತ್ತದೆ. ಕಾರ್ಯಕ್ರಮದ ಯಾವ ಘಳಿಗೆ ಜನರಿಗೆ ರುಚಿಸಿತು ಎಂಬುದನ್ನು ಆ ಕಾಗದ ನೋಡಿ ಹೇಳಬಹುದಿತ್ತು.

ಸಂಗೀತ ಕೇಳಿದವರ ಅನುಭವವನ್ನು ತಿಳಿಯಲು ಇದು ಏನೇನೂ ಸಾಲದು ಎಂಬುದು ಅಡೋರ್ನೊ ಅವರ ತಕರಾರು. ಜನರಿಗೆ ಏನು ಹಿಡಿಸುತ್ತದೆ ಎಂದು ಕೇಳುವ ಮೊದಲು, ಆ ರುಚಿಯನ್ನು ಹಚ್ಚಿದವರು ಯಾರು ಎಂದು ಕೇಳಬೇಕಲ್ಲವೇ? ಈ ಪ್ರಶ್ನೆ ಅವರನ್ನು ಬಿಡಲಿಲ್ಲ. ಮುಂದೆ ಲಾಸ್ ಏಂಜಲೀಸಿನಲ್ಲಿ, ಹಾಲಿವುಡ್ಡಿನ ಮಗ್ಗುಲಲ್ಲೇ ಇದ್ದುಕೊಂಡು, ಮ್ಯಾಕ್ಸ್ ಹಾರ್ಕ್‌ಹೈಮರ್ ಜೊತೆ ಅವರು ‘ಡಯಲೆಕ್ಟಿಕ್ ಆಫ್ ಎನ್‌ಲೈಟನ್‌ಮೆಂಟ್’ ಬರೆದರು. 1947ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಅಚ್ಚಾದ ಆ ಪುಸ್ತಕದ ಒಂದು ಅಧ್ಯಾಯದ ವಿಷಯ ‘ಸಂಸ್ಕೃತಿ ಉದ್ಯಮ’.

ಪ್ರೇಕ್ಷಕರು ದಡ್ಡರು ಎಂದು ಆ ಅಧ್ಯಾಯ ಹೇಳುತ್ತದೆ ಎಂಬ ಮಾತು ಪ್ರಚಾರದಲ್ಲಿದೆ. ಅದು ಸರಿಯಲ್ಲ. ಅವರ ವಾದ ಹೀಗಿದೆ: ಕಾರ್ಖಾನೆಯಲ್ಲೋ ಕಚೇರಿಯಲ್ಲೋ ದಿನವಿಡೀ ಒಂದೇ ಲಯಕ್ಕೆ ದುಡಿದವನಿಗೆ ಸಂಜೆ ಬೇಕಾಗುವುದು ತಲೆಗೆ ಕೆಲಸ ಕೊಡದ ಮನರಂಜನೆ. ಉದ್ಯಮ ಅದನ್ನೇ ಕೊಡುತ್ತದೆ, ಆದರೆ ಅದರ ಲಯವೂ ಕಾರ್ಖಾನೆಯದೇ. ಮುಂದೇನಾಗುತ್ತದೆ ಎಂಬುದು ಮೊದಲೇ ಗೊತ್ತಿರುವ ಕಥೆಯ ಮುಂದೆ ಕೂತವನು ದಣಿವಾರಿಸಿಕೊಂಡು ಮರುದಿನದ ದುಡಿಮೆಗೆ ಸಿದ್ಧನಾಗುತ್ತಾನೆ. ಕಾರ್ಟೂನಿನಲ್ಲಿ ಡೊನಾಲ್ಡ್ ಡಕ್ ಏಟು ತಿನ್ನುವುದನ್ನು ನೋಡುತ್ತಾ ತನ್ನ ಪಾಲಿನ ಏಟಿಗೂ ಒಗ್ಗಿಕೊಳ್ಳುತ್ತಾನೆ. ಯಾರೂ ಕೈತಪ್ಪದಂತೆ ಉದ್ಯಮ ಪ್ರೇಕ್ಷಕರನ್ನು ವರ್ಗಗಳಾಗಿ ವಿಂಗಡಿಸಿ, ಒಂದೊಂದು ವರ್ಗಕ್ಕೂ ಒಂದೊಂದು ಬಗೆಯ ಸರಕನ್ನು ಸಿದ್ಧಮಾಡಿರುತ್ತದೆ. ನನಗೆ ಎಲ್ಲಕ್ಕಿಂತ ಗಂಭೀರವಾಗಿ ಕಾಣುವುದು ಅಧ್ಯಾಯದ ಕೊನೆಯಲ್ಲಿ ಬರುವ ಮಾತು: ಜನರಿಗೆ ಈ ಆಟ ಅರ್ಥವಾಗಿರುತ್ತದೆ, ಆದರೂ ಕೊಳ್ಳುತ್ತಾರೆ.

ಈಗ ನೆಟ್‌ಫ್ಲಿಕ್ಸ್ ತೆರೆಯೋಣ. ಅಲ್ಲಿ ಸಿನಿಮಾಗಳ ಚಿಕ್ಕ ಚಿತ್ರಗಳು ಸಾಲಾಗಿ ಕಾಣುತ್ತವೆ. ಒಂದೇ ಸಿನಿಮಾಕ್ಕೆ ಎಲ್ಲರಿಗೂ ಒಂದೇ ಚಿತ್ರ ಕಾಣುವುದಿಲ್ಲ. 2017ರ ಡಿಸೆಂಬರಿನಲ್ಲಿ ಕಂಪನಿಯ ಎಂಜಿನಿಯರುಗಳೇ ಇದನ್ನು ವಿವರಿಸಿದರು. ಅವರು ಕೊಟ್ಟ ಉದಾಹರಣೆ ‘ಗುಡ್ ವಿಲ್ ಹಂಟಿಂಗ್’. ಪ್ರೇಮಕಥೆಗಳನ್ನು ಹೆಚ್ಚು ನೋಡಿದವರಿಗೆ ಮ್ಯಾಟ್ ಡೇಮನ್ ಮತ್ತು ಮಿನ್ನಿ ಡ್ರೈವರ್ ಜೋಡಿಯ ಚಿತ್ರ. ಹಾಸ್ಯ ನೋಡುವವರಿಗೆ ಅದೇ ಸಿನಿಮಾದ ರಾಬಿನ್ ವಿಲಿಯಮ್ಸ್ ಚಿತ್ರ. ಯಾರಿಗೆ ಯಾವುದು ಎಂದು ತಿಳಿಯಲು ವ್ಯವಸ್ಥೆ ಆಗಾಗ ಬೇಕೆಂದೇ ಬೇರೆ ಬೇರೆ ಚಿತ್ರಗಳನ್ನು ಮುಂದಿಟ್ಟು ಪರೀಕ್ಷಿಸುತ್ತದೆ. ಚಿತ್ರ ಕಂಡವರಲ್ಲಿ ಎಷ್ಟು ಜನ ಸಿನಿಮಾ ಹಾಕಿದರು, ಹಾಕಿದವರು ಎಷ್ಟು ಹೊತ್ತು ನೋಡಿದರು ಎಂದು ಲೆಕ್ಕ ಹಿಡಿಯುತ್ತದೆ. ಆ ಲೆಕ್ಕದ ಮೇಲೆ ನಿಮ್ಮಂಥವರಿಗೆ ಇನ್ನು ಮುಂದೆ ಯಾವ ಚಿತ್ರ ಎಂಬುದು ತೀರ್ಮಾನವಾಗುತ್ತದೆ.

ಇದರಲ್ಲಿ ಸಿನಿಮಾ ಒಂದಿಷ್ಟೂ ಬದಲಾಗಿಲ್ಲ. ಬದಲಾಗಿರುವುದು ಮೇಲಿನ ಹೊದಿಕೆ ಮಾತ್ರ. ಜನಪ್ರಿಯ ಸಂಗೀತದ ಬಗ್ಗೆ 1941ರಲ್ಲಿ ಬರೆಯುವಾಗ ಅಡೋರ್ನೊ ಇದನ್ನು ಹುಸಿ ವೈಯಕ್ತಿಕತೆ ಎಂದು ಗುರುತಿಸಿದ್ದರು. ಒಳಗಿನ ಅಚ್ಚು ಒಂದೇ, ಹೊರಗಿನ ಚೂರು ವ್ಯತ್ಯಾಸದಿಂದ ನಾನೇ ಆರಿಸಿಕೊಂಡೆ ಎಂಬ ಭಾವನೆ ಹುಟ್ಟುತ್ತದೆ. ಈ ಅಂಶದಲ್ಲಿ ಸ್ಟ್ರೀಮಿಂಗ್ ಅವರ ವಾದವನ್ನು ಅವರು ಊಹಿಸಿದ್ದಕ್ಕಿಂತ ಹೆಚ್ಚು ಗಟ್ಟಿ ಮಾಡಿದೆ. ಆಗ ಗುಂಡಿ ಒತ್ತಲು ಜನರನ್ನು ಕೋಣೆಗೆ ಕರೆಸಬೇಕಿತ್ತು. ಈಗ ಮನೆಯಲ್ಲಿ ಕೂತು ನೋಡುವುದೇ, ನಡುವೆ ನಿಲ್ಲಿಸುವುದೇ ಗುಂಡಿ ಒತ್ತಿದ ಹಾಗೆ.

ಆದರೆ ಪ್ರೇಕ್ಷಕ ತಣ್ಣಗಾದನೇ? ಇದನ್ನು ಪರೀಕ್ಷಿಸಲು ‘ಸ್ಕ್ವಿಡ್ ಗೇಮ್’ಗಿಂತ ಒಳ್ಳೆಯ ಪ್ರಕರಣ ನನಗೆ ಗೊತ್ತಿಲ್ಲ. ಸಾಲದಲ್ಲಿ ಮುಳುಗಿದ 456 ಜನ ಹಣಕ್ಕಾಗಿ ಪ್ರಾಣ ಒತ್ತೆಯಿಟ್ಟು ಮಕ್ಕಳಾಟ ಆಡುವ ಕೊರಿಯನ್ ಸರಣಿ ಅದು. ನಾಯಕ ಮುಷ್ಕರದ ಬಳಿಕ ಕಾರು ಕಾರ್ಖಾನೆಯ ಕೆಲಸ ಕಳೆದುಕೊಂಡವನು. 2009ರಲ್ಲಿ ಸಾಂಗ್‌ಯಾಂಗ್ ಮೋಟಾರ್ಸ್‌ನಲ್ಲಿ ನಡೆದ ಸಾಮೂಹಿಕ ವಜಾ ಮತ್ತು ಮುಷ್ಕರದ ನೆನಪು ಆ ಪಾತ್ರದ ಹಿಂದಿದೆ. ನಿರ್ದೇಶಕ ಹ್ವಾಂಗ್ ಡಾಂಗ್-ಹ್ಯುಕ್ ಈ ಕಥೆ ಹಿಡಿದು ಹೋದಾಗ ಹಣ ಹಾಕುವವರು ಸಿಗಲಿಲ್ಲ. ಹತ್ತು ವರ್ಷ ಸುಮ್ಮನೆ ಬಿದ್ದಿದ್ದ ಕಥೆ 2021ರ ಸೆಪ್ಟೆಂಬರಿನಲ್ಲಿ ನೆಟ್‌ಫ್ಲಿಕ್ಸಿನಲ್ಲಿ ಬಂತು. ಮೊದಲ ನಾಲ್ಕು ವಾರಗಳಲ್ಲಿ 14.2 ಕೋಟಿ ಮನೆಗಳವರು ನೋಡಿದರು ಎಂದು ಕಂಪನಿ ಹೇಳಿತು. ಆಗಿನ ಅದರ ನಿಯಮದಂತೆ ಎರಡು ನಿಮಿಷ ನೋಡಿದರೂ ಅದು ನೋಡಿದ ಲೆಕ್ಕವೇ.

ಆಮೇಲೆ ಎರಡು ಸಂಗತಿಗಳು ನಡೆದವು. ಆ ವರ್ಷ ಅಕ್ಟೋಬರ್ 20ರಂದು ದಕ್ಷಿಣ ಕೊರಿಯಾದ ಕಾರ್ಮಿಕ ಒಕ್ಕೂಟ ಮುಷ್ಕರ ಹೂಡಿದಾಗ ಸೋಲ್ ನಗರದ ಮೆರವಣಿಗೆಯಲ್ಲಿ ಕೆಲವರು ಸರಣಿಯ ವೇಷ, ಮುಖವಾಡ ತೊಟ್ಟು ಬಂದರು. 2023ರ ನವೆಂಬರಿನಲ್ಲಿ ನೆಟ್‌ಫ್ಲಿಕ್ಸ್ ಅದೇ ಆಟವನ್ನು ರಿಯಾಲಿಟಿ ಶೋ ಮಾಡಿತು. 456 ನಿಜವಾದ ಸ್ಪರ್ಧಿಗಳು, 45.6 ಲಕ್ಷ ಡಾಲರ್ ಬಹುಮಾನ. ದುಡ್ಡಿಗಾಗಿ ಮನುಷ್ಯರನ್ನು ಆಡಿಸುವುದು ಅಮಾನವೀಯ ಎಂದ ಕಥೆಯನ್ನು ದುಡ್ಡಿಗಾಗಿ ಮನುಷ್ಯರನ್ನು ಆಡಿಸುವ ಕಾರ್ಯಕ್ರಮವಾಗಿ ತಿರುಗಿಸಿದ್ದು ನನಗೆ ಇವತ್ತಿಗೂ ನೋವಿನ ವಿಷಯ. ಟೀಕೆಯನ್ನೂ ಸರಕಾಗಿ ಜೀರ್ಣಿಸಿಕೊಳ್ಳುತ್ತದೆ ಎಂದು ಅಡೋರ್ನೊ ಹೇಳಿದ್ದು ಇಂಥದ್ದನ್ನೇ. ಹಾಗೆಂದು ಆ ಮೆರವಣಿಗೆಯನ್ನು ಮರೆಯುವಂತಿಲ್ಲ. ಸರಣಿ ನೋಡಿದ್ದರಿಂದ ಅವರು ಮುಷ್ಕರಕ್ಕೆ ಇಳಿಯಲಿಲ್ಲ, ಅವರ ಬೇಡಿಕೆಗಳು ಅದಕ್ಕೆ ಮೊದಲೇ ಇದ್ದವು. ಆದರೆ ಸಂಘಟನೆ ಇದ್ದ ಕಡೆ ಸರಣಿ ಅವರ ಕೈಗೆ ಒಂದು ಸಲಕರಣೆಯಾಯಿತು. ಸಂಘಟನೆಯೇ ಇಲ್ಲದೆ ಒಬ್ಬೊಬ್ಬರೇ ಮನೆಯಲ್ಲಿ ನೋಡಿದ ಕೋಟ್ಯಂತರ ಜನರಲ್ಲಿ ಆ ಸಿಟ್ಟು ಎಲ್ಲಿಗೆ ಹೋಯಿತು ಎಂಬುದು ನೋಡಿದ ನಿಮಿಷಗಳ ಲೆಕ್ಕದಲ್ಲಿ ಸಿಗುವುದಿಲ್ಲ.

ಅಡೋರ್ನೊ ತಮ್ಮ ವಾದವನ್ನು ತಾವೇ ಸಡಿಲಿಸಿದ್ದರು ಎಂಬುದು ಹೆಚ್ಚು ಜನರಿಗೆ ತಿಳಿದಿಲ್ಲ. 1966ರಲ್ಲಿ ಹಾಲೆಂಡಿನ ರಾಜಕುಮಾರಿ ಬಿಯಾಟ್ರಿಕ್ಸ್ ಜರ್ಮನ್ ರಾಜತಾಂತ್ರಿಕ ಕ್ಲಾಸ್ ಫಾನ್ ಆಮ್ಸ್‌ಬರ್ಗ್ ಅವರನ್ನು ಮದುವೆಯಾದಾಗ ಪತ್ರಿಕೆ, ಟೀವಿಗಳು ಅದನ್ನು ಮಹಾ ಉತ್ಸವದಂತೆ ತೋರಿಸಿದವು. ಜರ್ಮನ್ ಜನ ಅದನ್ನು ಹೇಗೆ ಸ್ವೀಕರಿಸಿದರು ಎಂದು ಫ್ರಾಂಕ್‌ಫರ್ಟಿನ ಅವರ ಸಂಸ್ಥೆ ಸಮೀಕ್ಷೆ ಮಾಡಿತು. ಜನ ಆಸೆಯಿಂದ ನೋಡಿದ್ದು ನಿಜ. ಆದರೆ ಇದರ ರಾಜಕೀಯ ಮಹತ್ವವೇನು ಎಂದು ಕೇಳಿದಾಗ ಬಹಳ ಮಂದಿ ವಾಸ್ತವಿಕವಾಗಿ, ವಿಮರ್ಶೆಯಿಂದ ಉತ್ತರಿಸಿದರು. 1969ರಲ್ಲಿ, ತಾವು ತೀರಿಕೊಳ್ಳುವ ಕೆಲವು ತಿಂಗಳ ಮೊದಲು, ಬಿಡುವಿನ ವೇಳೆಯ ಬಗ್ಗೆ ಮಾಡಿದ ರೇಡಿಯೋ ಭಾಷಣದಲ್ಲಿ ಅಡೋರ್ನೊ ಇದನ್ನು ಪ್ರಸ್ತಾಪಿಸಿದರು. ಜನ ನೋಡಿ ಸಂತೋಷಪಡುತ್ತಾರೆ, ಆದರೆ ಪೂರ್ತಿ ನಂಬುವುದಿಲ್ಲ. ಅವರ ಅರಿವು ಇನ್ನೂ ಪೂರ್ತಿಯಾಗಿ ಉದ್ಯಮದ ವಶವಾಗಿಲ್ಲ ಎಂದರು. ಇಲ್ಲಿ ಗಮನಿಸಬೇಕಾದ್ದು, ಗುಂಡಿ ಒತ್ತಿಸಿದ್ದರೆ ಈ ಉತ್ತರ ಸಿಗುತ್ತಿರಲಿಲ್ಲ. ನೋಡಿದವರನ್ನು ಮಾತಾಡಿಸಿದ್ದರಿಂದ ಸಿಕ್ಕಿತು.

ಯಾರೂ ಕೈತಪ್ಪದಂತೆ ಸರಕು ಇರುತ್ತದೆ ಎಂಬ ಮಾತು ಮಾತ್ರ ಕನ್ನಡಿಗರ ಮಟ್ಟಿಗೆ ಸುಳ್ಳಾಗಿದೆ. ರಕ್ಷಿತ್ ಶೆಟ್ಟಿ ಅವರ ಸಂಸ್ಥೆ ತಯಾರಿಸಿದ, ಕರಾವಳಿಯ ಕಥೆಗಳ ‘ಏಕಂ’ ಸರಣಿಯನ್ನು ಯಾವ ದೊಡ್ಡ ವೇದಿಕೆಯೂ ಕೊಳ್ಳಲಿಲ್ಲ. 2024ರ ಜುಲೈನಲ್ಲಿ ತಯಾರಕರು ಅದಕ್ಕೆಂದೇ ಒಂದು ಜಾಲತಾಣ ಮಾಡಿ ನೇರವಾಗಿ ಪ್ರೇಕ್ಷಕರಿಗೆ ಮಾರಿದರು. ದೊಡ್ಡ ವೇದಿಕೆಯಲ್ಲಿ ಕನ್ನಡ ಕಡಿಮೆ, ಅದಕ್ಕೇ ಅಲ್ಲಿ ಕನ್ನಡ ನೋಡಿದ ಲೆಕ್ಕವೂ ಕಡಿಮೆ. ಆ ಕಡಿಮೆ ಲೆಕ್ಕವನ್ನೇ ತೋರಿಸಿ ಮುಂದಿನದನ್ನೂ ಬೇಡ ಎನ್ನುವುದು ಸುಲಭ. ತಣ್ಣಗಾಗುವ ಪ್ರೇಕ್ಷಕರ ಬಗ್ಗೆ ಎಂಬತ್ತು ವರ್ಷಗಳಿಂದ ಚರ್ಚೆ ನಡೆದಿದೆ. ಲೆಕ್ಕಕ್ಕೇ ಬಾರದ ಪ್ರೇಕ್ಷಕರ ಬಗ್ಗೆ ಆ ಅಧ್ಯಾಯದಲ್ಲಿ ಏನೂ ಇಲ್ಲ, ಅದನ್ನು ನಾವೇ ಬರೆಯಬೇಕು.