ಬೆಸಪುಟ ಒಂದು ಕಡೆ, ಸಮಪುಟ ಇನ್ನೊಂದು ಕಡೆ: ಸ್ಕ್ಯಾನ್ ಆದ ಪುಟಗಳನ್ನು ಸಾಲಿಗೆ ತರುವ ಬಗೆ

ಯಕ್ಷಗಾನದ ಹಳೆಯ ಪ್ರಸಂಗ ಪುಸ್ತಕವೊಂದು ಕೈಗೆ ಬಂದಿದೆ ಎಂದುಕೊಳ್ಳಿ. 48 ಪುಟ, ಅಂದರೆ 24 ಹಾಳೆ. ಮಡಚಿದರೆ ಮುರಿಯುವ ಕಾಗದವಾದ್ದರಿಂದ ಅದನ್ನು ಯಂತ್ರದ ರೋಲರ್ ಬಾಯಿಗೆ ಕೊಡುವಂತಿಲ್ಲ. ಹಾಗಾಗಿ ಎರಡೂ ಬದಿಗೆ ಝೆರಾಕ್ಸ್ ಮಾಡಿಸಿ, ಆ ಪ್ರತಿಯನ್ನು ಸ್ಕ್ಯಾನರ್‌ನ ಮೇಲಿರುವ ಫೀಡರ್‌ಗೆ ಇಟ್ಟು ಗುಂಡಿ ಒತ್ತುತ್ತಾರೆ. ಹಾಳೆಗಳು ಒಂದೊಂದಾಗಿ ಒಳಗೆ ಹೋಗಿ ಹೊರಗೆ ಬೀಳುತ್ತವೆ. ಕಂಪ್ಯೂಟರ್‌ನಲ್ಲಿ ತೆರೆದು ನೋಡಿದರೆ 1, 3, 5, 7 ಎಂದು ಬೆಸಪುಟಗಳು ಮಾತ್ರ ಇರುತ್ತವೆ; ಹಿಂಬದಿಯ ಒಂದು ಪುಟವೂ ಬಂದಿರುವುದಿಲ್ಲ.

ಇದು ಯಂತ್ರದ ದೋಷವಲ್ಲ. ಮನೆ, ಶಾಲೆ, ಸಣ್ಣ ಕಚೇರಿಗಳಲ್ಲಿರುವ ಕಡಿಮೆ ಬೆಲೆಯ ಆಲ್-ಇನ್-ಒನ್ ಯಂತ್ರಗಳ ಫೀಡರ್ ಬಹುಮಟ್ಟಿಗೆ ಒಂದೇ ಬದಿಯನ್ನು ಓದುತ್ತದೆ. ಹಿಂಬದಿ ಬೇಕೆಂದರೆ ಕಟ್ಟನ್ನು ಇನ್ನೊಮ್ಮೆ ಹಾಕಬೇಕು. ಹಾಗೆ ಹಾಕಿದಾಗ ಬರುವ ಎರಡನೆಯ ಪಿಡಿಎಫ್‌ನ ಪುಟಗಳು 2, 4, 6 ಎಂದು ಬರುವುದಿಲ್ಲ. 48, 46, 44 ಎಂದು ಹಿಂದಿನಿಂದ ಮುಂದಕ್ಕೆ ಬರುತ್ತವೆ.

ಹೀಗೇಕೆ ಎನ್ನುವುದು ಕಟ್ಟನ್ನು ಕೈಯಲ್ಲಿ ಹಿಡಿದು ನೋಡಿದರೆ ತಿಳಿಯುತ್ತದೆ. ಮುಖ ಮೇಲಾಗಿ ಹಾಳೆ ಇಡುವ ಫೀಡರ್ ಮೇಲಿನ ಹಾಳೆಯನ್ನೇ ಮೊದಲು ಎಳೆದುಕೊಳ್ಳುತ್ತದೆ. ಅದು ಒಳಗೆ ತಿರುವು ತೆಗೆದುಕೊಂಡು ಮುಖ ಕೆಳಗಾಗಿ ಕೆಳಗಿನ ತಟ್ಟೆಗೆ ಬೀಳುತ್ತದೆ. ಅದರ ಮೇಲೆ ಎರಡನೆಯದು, ಮೂರನೆಯದು. ಎಲ್ಲ ಮುಗಿದಾಗ ಕಟ್ಟಿನ ಮೇಲ್ಭಾಗದಲ್ಲಿರುವುದು ಕೊನೆಯ ಹಾಳೆ, ಅದೂ ಬೆನ್ನು ಮೇಲಾಗಿ. ಅಂದರೆ ಕಣ್ಣಿಗೆ ಕಾಣುವುದು 48ನೆಯ ಪುಟ. ಆ ಕಟ್ಟನ್ನು ಹಾಗೆಯೇ ಎತ್ತಿ ಮತ್ತೆ ಫೀಡರ್‌ಗೆ ಇಟ್ಟರೆ ಮೊದಲು ಓದಿಸಿಕೊಳ್ಳುವುದು 48, ಕೊನೆಗೆ 2.

ಇಲ್ಲಿ ಅನೇಕರು ಕಾಗದವನ್ನು ಸರಿಪಡಿಸಲು ಹೊರಡುತ್ತಾರೆ. ಸಮಪುಟಗಳು ನೇರ ಕ್ರಮದಲ್ಲಿ ಬರಲಿ ಎಂದು ಹಾಳೆಗಳನ್ನು ಒಂದೊಂದಾಗಿ ತೆಗೆದು ಹಿಂದುಮುಂದಾಗಿ ಜೋಡಿಸುತ್ತಾರೆ. ಹಾಳೆಗಳು ಅದಲುಬದಲಾಗುವುದು ಆ ಗಡಿಬಿಡಿಯಲ್ಲೇ. ಕಾಗದದ ಕ್ರಮವನ್ನು ಮುಟ್ಟಲೇಬಾರದು. ತಿರುಗಿಸಬೇಕಾದ್ದು ಎರಡನೆಯ ಕಡತವನ್ನು, ಅದು ಕಂಪ್ಯೂಟರ್‌ಗೆ ಕ್ಷಣದ ಕೆಲಸ.

ಕಟ್ಟನ್ನು ಎರಡನೆಯ ಸಲ ಇಡುವಾಗ ಒಂದು ವಿಷಯ ಗಮನಿಸಬೇಕು. ಮೊದಲ ಸಲ ಪುಟದ ತಲೆ ಮೊದಲು ಒಳಹೋಗಿದ್ದರೆ ಈ ಸಲವೂ ತಲೆಯೇ ಮೊದಲು ಹೋಗಬೇಕು. ತಿರುವು ಹಾದು ಬಂದ ಕಟ್ಟಿನಲ್ಲಿ ತಲೆ ಎದುರು ದಿಕ್ಕಿಗೆ ಇರುತ್ತದೆಯಾದ್ದರಿಂದ ಕಟ್ಟನ್ನು ಮೇಜಿನ ಮೇಲೆ ಅರ್ಧ ಸುತ್ತು ತಿರುಗಿಸಿ ಇಡಬೇಕಾಗುತ್ತದೆ. ಮರೆತರೂ ನಷ್ಟವೇನಿಲ್ಲ. ಸಮಪುಟಗಳೆಲ್ಲ ತಲೆಕೆಳಗಾಗಿ ಬಂದಿರುತ್ತವೆ, ಅಷ್ಟೆ. ಹೆಣೆಯುವ ಮೊದಲು ಆ ಕಡತದ ಎಲ್ಲ ಪುಟಗಳನ್ನು ಒಟ್ಟಿಗೆ 180 ಡಿಗ್ರಿ ತಿರುಗಿಸಿದರಾಯಿತು.

ಈಗ ಎರಡು ಕಡತಗಳಿವೆ. ಜಡೆ ಹೆಣೆದ ಹಾಗೆ ಇದರಿಂದ ಒಂದು ಪುಟ, ಅದರಿಂದ ಒಂದು ಪುಟ ತೆಗೆದುಕೊಳ್ಳುತ್ತ ಹೋಗಬೇಕು. ಎರಡನೆಯದರಿಂದ ಕೊನೆಯ ಕಡೆಯಿಂದ ತೆಗೆದುಕೊಳ್ಳಬೇಕು. NAPS2 ಎಂಬ ಉಚಿತ ಸ್ಕ್ಯಾನಿಂಗ್ ತಂತ್ರಾಂಶದಲ್ಲಿ ಇದಕ್ಕೆಂದೇ ಆಯ್ಕೆ ಇದೆ. ಮೊದಲ ಬದಿ ಸ್ಕ್ಯಾನ್ ಮಾಡಿ, ಅದರ ಮುಂದೆಯೇ ಹಿಂಬದಿಯನ್ನೂ ಸ್ಕ್ಯಾನ್ ಮಾಡಿದರೆ ಪರದೆಯ ಮೇಲೆ 48 ಪುಟಗಳ ಒಂದೇ ಸಾಲು ಕಾಣುತ್ತದೆ. ಆಗ Reorder ಪಟ್ಟಿಯಲ್ಲಿ Alternate Interleave ಒತ್ತಬೇಕು. ಅದೇ ಪಟ್ಟಿಯಲ್ಲಿ ಬರಿಯ Interleave ಕೂಡ ಇದೆ. ಅದು ಸಮಪುಟಗಳು ನೇರ ಕ್ರಮದಲ್ಲಿ ಬಂದಿದ್ದರೆ ಮಾತ್ರ ಸರಿ.

ಎರಡು ಪಿಡಿಎಫ್‌ಗಳು ಈಗಾಗಲೇ ಸಿದ್ಧವಾಗಿದ್ದರೆ qpdf ಎಂಬ ಉಚಿತ ಸಾಧನಕ್ಕೆ ಒಂದು ಸಾಲಿನ ಆದೇಶ ಸಾಕು:

```
qpdf --empty --collate --pages besa.pdf sama.pdf z-1 -- pustaka.pdf
```

ಇಲ್ಲಿ `--collate` ಎಂದರೆ ಒಂದೊಂದೇ ಪುಟವನ್ನು ಸರದಿಯಲ್ಲಿ ತೆಗೆದುಕೊಳ್ಳಬೇಕೆಂದು. `z` ಕೊನೆಯ ಪುಟದ ಗುರುತು. `z-1` ಎಂದರೆ ಕೊನೆಯಿಂದ ಮೊದಲಿಗೆ. ಆ ಮೂರು ಅಕ್ಷರ ಬಿಟ್ಟುಹೋದರೆ ಫಲಿತಾಂಶ 1, 48, 3, 46, 5, 44 ಎಂದು ಬರುತ್ತದೆ. ಈ ತಪ್ಪನ್ನು ಗುರುತಿಸುವುದು ಸುಲಭ: ಅಕ್ಕಪಕ್ಕದ ಜೋಡಿಗಳನ್ನು ಕೂಡಿದರೆ ಪ್ರತಿ ಸಲವೂ 49 ಬರುತ್ತದೆ. ಹಾಗೆ ಬಂದರೆ ಪುಟ ಯಾವುದೂ ಕಳೆದಿಲ್ಲ, ಎರಡನೆಯ ಕಡತವನ್ನು ತಿರುಗಿಸಿಲ್ಲ ಎಂದರ್ಥ.

ನಿಜವಾದ ಕಷ್ಟ ಬೇರೆ. ಝೆರಾಕ್ಸ್ ಯಂತ್ರದಿಂದ ಆಗತಾನೆ ಬಂದ ಹಾಳೆಗಳು ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಮಳೆಗಾಲದ ತೇವಕ್ಕೂ ಹಾಳೆ ಅಂಟುತ್ತದೆ. ಸ್ಟೇಪಲ್ ಪಿನ್ ತೆಗೆದ ಜಾಗದಲ್ಲಿ ಒಂದರ ತೂತಿಗೆ ಇನ್ನೊಂದು ಸಿಕ್ಕಿಕೊಳ್ಳುತ್ತದೆ. ಆಗ ಫೀಡರ್ ಎರಡು ಹಾಳೆಗಳನ್ನು ಒಟ್ಟಿಗೆ ಎಳೆದುಕೊಳ್ಳುತ್ತದೆ. ಸ್ಕ್ಯಾನ್ ಆಗುವುದು ಮೇಲಿನದು ಮಾತ್ರ. ಅದರ ಅಡಿಯ ಹಾಳೆ ಓದಿಸಿಕೊಳ್ಳದೆಯೇ ಹೊರಗೆ ಬೀಳುತ್ತದೆ. ಅಗ್ಗದ ಯಂತ್ರಗಳಲ್ಲಿ ಇದನ್ನು ಪತ್ತೆಮಾಡುವ ಸಂವೇದಕ ಇರುವುದು ಅಪರೂಪವಾದ್ದರಿಂದ ಯಾವ ಎಚ್ಚರಿಕೆಯೂ ಬರುವುದಿಲ್ಲ.

ನಮ್ಮ ಪ್ರಸಂಗ ಪುಸ್ತಕದಲ್ಲಿ ಹಿಂಬದಿ ಓದಿಸುವಾಗ ಹೀಗಾಯಿತು ಎಂದಿಟ್ಟುಕೊಳ್ಳೋಣ. ಬೆಸಪುಟದ ಕಡತದಲ್ಲಿ 24 ಪುಟ, ಸಮಪುಟದ್ದರಲ್ಲಿ 23. ಎಣಿಕೆ ನೋಡದೆ ಹೆಣೆದರೆ 1ರಿಂದ 15ರವರೆಗೆ ಎಲ್ಲವೂ ಸರಿಯಾಗಿ ಕಾಣುತ್ತದೆ. ಆಮೇಲೆ 15, 18, 17, 20, 19, 22 ಎಂದು ಕೊನೆಯವರೆಗೂ ತಪ್ಪುತ್ತ ಹೋಗುತ್ತದೆ. ಮೊದಲ ಹತ್ತು ಪುಟ ತಿರುವಿ ನೋಡಿ ತೃಪ್ತಿಪಟ್ಟವರಿಗೆ ಇದು ಗೊತ್ತೇ ಆಗುವುದಿಲ್ಲ. ಕೊನೆಯ ಪುಟ ತೆರೆದರೆ ಮಾತ್ರ 48ರ ಬದಲು 47 ಕಾಣುತ್ತದೆ.

ತಪ್ಪಿದ ಪುಟ ಯಾವುದು? ಎಲ್ಲವನ್ನೂ ಮತ್ತೆ ಸ್ಕ್ಯಾನ್ ಮಾಡಬೇಕಿಲ್ಲ. ಹೆಣೆಯದ ಸಮಪುಟದ ಕಡತದಲ್ಲಿ ಯಾವ ಸ್ಥಾನದಲ್ಲಿ ಯಾವ ಪುಟ ಇರಬೇಕೆಂಬುದಕ್ಕೆ ಸರಳ ಲೆಕ್ಕವಿದೆ: 50ರಿಂದ ಸ್ಥಾನದ ಎರಡರಷ್ಟನ್ನು ಕಳೆಯಬೇಕು. 12ನೆಯ ಸ್ಥಾನದಲ್ಲಿ 26 ಇರಬೇಕು. ತೆರೆದು ನೋಡಿದರೆ 26 ಇದೆ. ಅಂದರೆ ಅಲ್ಲಿಯವರೆಗೆ ಸರಿ. 18ನೆಯದರಲ್ಲಿ 14 ಇರಬೇಕಿತ್ತು, ಇರುವುದು 12. ತಪ್ಪು ಇವೆರಡರ ನಡುವೆ ಆಗಿದೆ. 15ರಲ್ಲಿ 20 ಇರಬೇಕು, ಇದೆ. 17ರಲ್ಲಿ 16 ಇರಬೇಕು, ಆದರೆ 14 ಇದೆ. 16ನೆಯ ಸ್ಥಾನದಲ್ಲಿ ಇರಬೇಕಾದ 18 ಸರಿಯಾಗಿಯೇ ಇದೆ. ಅಲ್ಲಿಗೆ ಐದು ಕಡೆ ನೋಡಿದ್ದರಲ್ಲೇ ಸಿಕ್ಕಿತು: ಬಿಟ್ಟುಹೋದದ್ದು 16ನೆಯ ಪುಟ. ಕಟ್ಟಿನ ಎಂಟನೆಯ ಹಾಳೆ ತೆಗೆದು, ಅದರ ಹಿಂಬದಿಯನ್ನು ಗಾಜಿನ ಮೇಲಿಟ್ಟು ಸ್ಕ್ಯಾನ್ ಮಾಡಿ, ಸಮಪುಟದ ಕಡತದಲ್ಲಿ 17ನೆಯ ಸ್ಥಾನಕ್ಕೆ ಸೇರಿಸಿದ ಮೇಲೆ ಹೆಣೆಯಬಹುದು. ಬೇರೆ ಪುಸ್ತಕಕ್ಕೆ 50ರ ಬದಲು ಒಟ್ಟು ಪುಟಗಳಿಗೆ ಎರಡು ಸೇರಿಸಿದ ಸಂಖ್ಯೆ ಹಿಡಿಯಬೇಕು. ಮುನ್ನುಡಿಗೆ ಪ್ರತ್ಯೇಕ ಪುಟಸಂಖ್ಯೆ ಇರುವ ಪುಸ್ತಕಗಳಲ್ಲಿ ಆ ವ್ಯತ್ಯಾಸವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಹಳೆಯ ಪುಸ್ತಕಗಳ ಕನ್ನಡ ಅಂಕಿಗಳಲ್ಲಿ ೬ ಮತ್ತು ೯ ಒಂದೇ ರೀತಿ ಕಾಣುವುದರಿಂದ ಮಸುಕಾದ ಪ್ರತಿಯಲ್ಲಿ ಪಕ್ಕದ ಪುಟವನ್ನೂ ನೋಡುವುದು ಕ್ಷೇಮ.

ಇದಕ್ಕಿಂತ ಅಪಾಯದ್ದು ಇನ್ನೊಂದಿದೆ. ಎರಡು ಸರದಿಯಲ್ಲೂ ಒಂದೊಂದು ಪುಟ ತಪ್ಪಿದರೆ ಎರಡೂ ಕಡತಗಳಲ್ಲಿ 23 ಪುಟ ಇರುತ್ತವೆ. ಎಣಿಕೆ ಸಮ, ಮೊದಲ ಪುಟ 1, ಕೊನೆಯ ಪುಟ 48. ಹಿಂಬದಿಯಲ್ಲಿ 16, ಮುಂಬದಿಯಲ್ಲಿ 31 ತಪ್ಪಿದ್ದರೆ 15ರವರೆಗೂ ಸರಿ, 33ರಿಂದ ಕೊನೆಯವರೆಗೂ ಸರಿ. ಗೊಂದಲವೆಲ್ಲ ನಡುವೆ ಅಡಗಿರುತ್ತದೆ. ಆದ್ದರಿಂದ ಎರಡು ಕಡತಗಳನ್ನು ಪರಸ್ಪರ ಹೋಲಿಸಿದರೆ ಸಾಲದು. ಕೈಯಿಂದ ಎಣಿಸಿದ ಹಾಳೆಗಳ ಲೆಕ್ಕದೊಂದಿಗೆ ಎರಡನ್ನೂ ಹೋಲಿಸಬೇಕು.

ಖಾಲಿ ಪುಟಗಳಿಂದಲೂ ಇದೇ ಅವಾಂತರ. ಅಧ್ಯಾಯಗಳು ಬಲಪುಟದಲ್ಲೇ ಆರಂಭವಾಗುವ ಪುಸ್ತಕಗಳಲ್ಲಿ ನಡುನಡುವೆ ಎಡಪುಟ ಖಾಲಿ ಇರುತ್ತದೆ. ಸ್ಕ್ಯಾನಿಂಗ್ ತಂತ್ರಾಂಶದಲ್ಲಿ ಖಾಲಿ ಪುಟ ಬಿಡುವ ಆಯ್ಕೆ ಚಾಲೂ ಇದ್ದರೆ ಅವು ಮಾಯವಾಗಿ, ಎರಡು ಹಾಳೆ ಒಟ್ಟಿಗೆ ಹೋದಾಗ ಆಗುವಂತೆಯೇ ಉಳಿದವು ಜಾರುತ್ತವೆ. ಒಟ್ಟು 47 ಪುಟಗಳ ಪುಸ್ತಕವಾದರೆ ಕೊನೆಯ ಹಾಳೆಯ ಖಾಲಿ ಬೆನ್ನೇ ಎರಡನೆಯ ಸರದಿಯ ಮೊದಲ ಪುಟ. ಅದೂ ಸ್ಕ್ಯಾನ್ ಆಗಲೇಬೇಕು. ಖಾಲಿ ಪುಟ ಬೇಡವೆನಿಸಿದರೆ ಹೆಣೆದ ನಂತರ ಅಳಿಸಬಹುದು.

ಹಾಳೆಗಳು ಫೀಡರ್‌ನ ಅಳತೆ ಮೀರಿದಾಗ ಇನ್ನೊಂದು ತೊಡಕು. 100 ಹಾಳೆಗಳನ್ನು 50ರಂತೆ ಎರಡು ಕಂತಿನಲ್ಲಿ ಹಾಕುವವರು ಎರಡೂ ಕಂತಿನ ಮುಂಬದಿಯನ್ನು ಒಂದು ಕಡತದಲ್ಲಿ, ಎರಡೂ ಕಂತಿನ ಹಿಂಬದಿಯನ್ನು ಇನ್ನೊಂದರಲ್ಲಿ ಸೇರಿಸುವುದುಂಟು. ಆಗ ಹಿಂಬದಿಯ ಕಡತ 100ರಿಂದ 2ಕ್ಕೆ ಇಳಿದು, ಮತ್ತೆ 200ಕ್ಕೆ ಹಾರಿ 102ಕ್ಕೆ ಇಳಿಯುತ್ತದೆ. ಅದನ್ನು ಒಟ್ಟಾಗಿ ತಿರುಗಿಸಿದರೆ 102 ಮೊದಲು ಬಂದು 2 ನಡುವೆ ಬೀಳುತ್ತದೆ. ಪ್ರತಿ ಕಂತಿನ ಎರಡೂ ಬದಿ ಮುಗಿಸಿ, ಆ ಕಂತನ್ನು ಹೆಣೆದು, ಕೊನೆಗೆ ಕಂತುಗಳನ್ನು ಒಂದರ ಹಿಂದೆ ಒಂದು ಸೇರಿಸುವುದೇ ಸರಿಯಾದ ದಾರಿ. ಹೀಗೆ ಮಾಡಿದರೆ ತಪ್ಪಾದರೂ ಅದು ಆ ಕಂತಿಗಷ್ಟೇ ಸೀಮಿತವಾಗುತ್ತದೆ.

ಸ್ಕ್ಯಾನ್ ಮಾಡುವ ಮೊದಲು ಪಿನ್ ತೆಗೆದು, ಕಟ್ಟಿನ ಅಂಚನ್ನು ಬೆರಳಿನಿಂದ ಬಿಡಿಸಿ ಹಾಳೆಗಳ ನಡುವೆ ಗಾಳಿಯಾಡಿಸಿ. ಹಾಳೆಗಳನ್ನು ಎಣಿಸಿ ಒಂದು ಚೀಟಿಯಲ್ಲಿ ಬರೆದಿಡಿ. ಹೆಣೆದ ಮೇಲೆ ಪ್ರತಿ ಹತ್ತನೆಯ ಪುಟದ ಸಂಖ್ಯೆ ನೋಡಿ, ಕೊನೆಯ ಪುಟವನ್ನು ತಪ್ಪದೆ ನೋಡಿ. ಅದೆಲ್ಲ ಸರಿಯಿದೆ ಎಂದು ಖಾತ್ರಿಯಾಗುವವರೆಗೆ ಬೆಸಪುಟ, ಸಮಪುಟಗಳ ಮೂಲ ಕಡತಗಳನ್ನು ಅಳಿಸಬೇಡಿ, ಹಾಳೆಗಳ ಕಟ್ಟನ್ನೂ ಕೆದರಬೇಡಿ.