ರಾಯಚೂರು ನಾರ್ವೆಗೆ ಹೋದದ್ದು ಹೇಗೆ?

ರಾಯಚೂರಿನ ಅಕ್ಷಾಂಶ ಸುಮಾರು 16.21, ರೇಖಾಂಶ 77.36. ಈ ಎರಡು ಅಂಕಿಗಳು ಅದಲುಬದಲಾದರೆ ನಕ್ಷೆಯ ಚುಕ್ಕೆ ನಾರ್ವೆಗೆ ಸೇರಿದ ಸ್ಪಿಟ್ಸ್‌ಬರ್ಗನ್ ದ್ವೀಪದ ಹಿಮರಾಶಿಯ ನಡುವೆ ಹೋಗಿ ಕೂರುತ್ತದೆ.

ಈ ಗೊಂದಲಕ್ಕೆ ಕಾರಣ ಎರಡು ರೂಢಿಗಳು. ನಾವಿಕರ ಕಾಲದಿಂದಲೂ ಅಕ್ಷಾಂಶವನ್ನೇ ಮೊದಲು ಹೇಳುವುದು ವಾಡಿಕೆ. ಗೂಗಲ್ ಮ್ಯಾಪ್ಸ್‌ನ ಹುಡುಕಾಟವೂ ಹಾಗೆಯೇ ಓದುತ್ತದೆ. ಆದರೆ ಗ್ರಾಫ್‌ನಲ್ಲಿ ಮೊದಲು ಬರುವುದು ಅಡ್ಡ ಅಳತೆ, ಅಂದರೆ ರೇಖಾಂಶ. ಜಿಯೋಜೇಸನ್ ಕಡತಗಳು ಈ ಕ್ರಮವನ್ನೇ ಪಾಲಿಸುತ್ತವೆ:

```
"coordinates": [77.36, 16.21]
```

ಇದನ್ನು ಹಾಗೇ ನಕಲು ಮಾಡಿ ಗೂಗಲ್ ಮ್ಯಾಪ್ಸ್‌ಗೆ ಅಂಟಿಸಿದರೆ ಎಡವಟ್ಟಾಗುತ್ತದೆ. ಅಕ್ಷಾಂಶ 90ನ್ನು ಮೀರುವಂತಿಲ್ಲ. ಆದರೆ 77 ಆ ಮಿತಿಯೊಳಗೇ ಇರುವುದರಿಂದ ತಂತ್ರಾಂಶ ತಪ್ಪನ್ನು ಎತ್ತಿ ತೋರಿಸುವುದಿಲ್ಲ.

ಪತ್ತೆಹಚ್ಚುವುದು ಸುಲಭ. ಭಾರತದ ಮುಖ್ಯ ಭೂಭಾಗದ ಅಕ್ಷಾಂಶ ಸುಮಾರು 8ರಿಂದ 37, ರೇಖಾಂಶ 68ರಿಂದ 97. ಅಕ್ಷಾಂಶದ ಕಾಲಮಿನಲ್ಲಿ ಎಪ್ಪತ್ತರ ಆಸುಪಾಸಿನ ಅಂಕಿ ಕಂಡರೆ ಅದಲುಬದಲಾಗಿದೆ ಎಂದೇ ಅರ್ಥ. ಅಂಕಿಗಳನ್ನು ತಿರುಗಿಸಿ ಹಾಕಿ, ಚುಕ್ಕೆ ಊರಿಗೆ ಮರಳಿದರೆ ಅನುಮಾನ ಪರಿಹಾರ. ಟರ್ಕಿಯಲ್ಲಿ ಮಾತ್ರ ಈ ಉಪಾಯ ಸಾಲದು: ಅಲ್ಲಿ ಅಕ್ಷಾಂಶ 36–42, ರೇಖಾಂಶ 26–45, ಒಂದರ ವ್ಯಾಪ್ತಿ ಇನ್ನೊಂದರೊಳಗೇ ಇದೆ. ಅಂಥ ಕಡೆ ಊರಿನ ಹೆಸರಿನೊಂದಿಗೆ ತಾಳೆ ನೋಡಲೇಬೇಕು.